ಎತ್ತರ ಕುಗ್ಗದೆ ಹಿಂದೆ ಸರಿಯುವ ಅಲೆ

ಒಂದು ಸೈನ್ ಅಲೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಬೇಕು ಅಂತಿಟ್ಟುಕೊಳ್ಳಿ. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಇದ್ದರೆ ಆ ಕೆಲಸ ಆಗುತ್ತದೆ. ಆದರೆ ಸರಿಸಿದಷ್ಟೂ ಅಲೆ ಕುಗ್ಗುತ್ತದೆ. 45 ಡಿಗ್ರಿ ಸರಿಸಿದರೆ ಎತ್ತರ ಶೇ. 71ಕ್ಕೆ ಇಳಿಯುತ್ತದೆ, 60 ಡಿಗ್ರಿಗೆ ಅರ್ಧವಾಗುತ್ತದೆ. 90 ಡಿಗ್ರಿ ಹತ್ತಿರ ಬರುವ ಹೊತ್ತಿಗೆ ಅಲೆಯೇ ಉಳಿದಿರುವುದಿಲ್ಲ.

ಅದೇ ಜೋಡಿಗೆ ಒಂದು ಆಪ್-ಆಂಪ್, ಇನ್ನೆರಡು ರೆಸಿಸ್ಟರ್ ಸೇರಿಸಿದರೆ ಈ ತೊಂದರೆ ಪೂರ್ತಿ ಹೋಗುತ್ತದೆ. ಅದೇ ಮೊದಲ ದರ್ಜೆಯ ಆಲ್-ಪಾಸ್ ಫಿಲ್ಟರ್. ಫಿಲ್ಟರ್ ಅಂತ ಹೆಸರಿದ್ದರೂ ಇದು ಯಾವ ಆವರ್ತನವನ್ನೂ ತಡೆಯುವುದಿಲ್ಲ. ಎಲ್ಲವನ್ನೂ ಅದೇ ಎತ್ತರದಲ್ಲಿ ಬಿಟ್ಟುಕೊಟ್ಟು, ಫೇಸ್ ಅಂದರೆ ಅಲೆ ಎಷ್ಟು ಡಿಗ್ರಿ ಸರಿದಿದೆ ಅನ್ನುವುದನ್ನು ಮಾತ್ರ ಬದಲಿಸುತ್ತದೆ.

ಜೋಡಣೆ ಹೀಗಿದೆ. ಇನ್‌ಪುಟ್‌ನಿಂದ ಆಪ್-ಆಂಪ್‌ನ ಪ್ಲಸ್ ಕಾಲಿಗೆ ರೆಸಿಸ್ಟರ್ R, ಆ ಕಾಲಿನಿಂದ ಗ್ರೌಂಡಿಗೆ ಕೆಪಾಸಿಟರ್ C. ಅದೇ ಇನ್‌ಪುಟ್‌ನಿಂದ ಮೈನಸ್ ಕಾಲಿಗೆ ಒಂದು ರೆಸಿಸ್ಟರ್, ಔಟ್‌ಪುಟ್‌ನಿಂದ ಮೈನಸ್ ಕಾಲಿಗೆ ಅಷ್ಟೇ ಓಮ್‌ನ ಇನ್ನೊಂದು. ಈ ಎರಡು ಸಮಾನ ರೆಸಿಸ್ಟರ್‌ಗಳಿಂದಾಗಿ ಔಟ್‌ಪುಟ್ ಯಾವಾಗಲೂ ಹೀಗಿರುತ್ತದೆ:

Vout = 2·V₊ − Vin

ಎತ್ತರ ಯಾಕೆ ಬದಲಾಗುವುದಿಲ್ಲ ಅನ್ನುವುದನ್ನು ಬೀಜಗಣಿತದಲ್ಲಿ ತೋರಿಸಬಹುದು. ನನಗೆ ಮಾತ್ರ ಒಂದು ವೃತ್ತ ಬರೆದು ನೋಡಿದಾಗಲೇ ಅದು ನಿಜವಾಗಿ ಅರ್ಥವಾದದ್ದು. ಒಂದು ಹಾಳೆ ತೆಗೆದುಕೊಳ್ಳಿ. Vin ಅನ್ನು O ಬಿಂದುವಿನಿಂದ A ಬಿಂದುವಿಗೆ ಒಂದು ಬಾಣವಾಗಿ ಎಳೆಯಿರಿ. ರೆಸಿಸ್ಟರ್ ಮೇಲಿನ ವೋಲ್ಟೇಜ್ ಮತ್ತು ಕೆಪಾಸಿಟರ್ ಮೇಲಿನ ವೋಲ್ಟೇಜ್ ಒಂದಕ್ಕೊಂದು 90 ಡಿಗ್ರಿಯಲ್ಲಿರುತ್ತವೆ. ಎರಡನ್ನೂ ಕೂಡಿಸಿದರೆ OA ಬರಬೇಕು. ಅಂದರೆ ಅವೆರಡೂ ಸೇರುವ ಬಿಂದು P ಹತ್ತಿರ ಲಂಬಕೋನ ಇದೆ. ಲಂಬಕೋನವಿದ್ದರೆ P ಇರುವುದು OA ವ್ಯಾಸವಾಗಿರುವ ಅರ್ಧವೃತ್ತದ ಮೇಲೆ. ಇದು ಶಾಲೆಯಲ್ಲಿ ಕಲಿತ ರೇಖಾಗಣಿತವೇ, ಅಲ್ವಾ? R ಅಥವಾ ಆವರ್ತನ ಬದಲಿಸಿದರೆ P ಆ ಅರ್ಧವೃತ್ತದ ಮೇಲೆ ಜಾರುತ್ತದೆ, ಅದನ್ನು ಬಿಟ್ಟು ಹೊರಗೆ ಹೋಗುವುದಿಲ್ಲ.

ಈಗ ಮೇಲಿನ ಸೂತ್ರವನ್ನು ಸ್ವಲ್ಪ ತಿರುಗಿಸಿ ಬರೆಯೋಣ: Vout = 2·(V₊ − Vin/2). V₊ ಅಂದರೆ ಕೆಪಾಸಿಟರ್ ಮೇಲಿನ ವೋಲ್ಟೇಜ್, ಚಿತ್ರದಲ್ಲಿ O ಬಿಂದುವಿನಿಂದ P ವರೆಗಿನ ಬಾಣ. Vin/2 ಅಂದರೆ ವೃತ್ತದ ಕೇಂದ್ರ. ಹಾಗಾದರೆ ಕಂಸದೊಳಗಿರುವುದು ಕೇಂದ್ರದಿಂದ P ವರೆಗಿನ ಗೆರೆ, ಅಂದರೆ ತ್ರಿಜ್ಯ. ತ್ರಿಜ್ಯದ ಉದ್ದ ಯಾವಾಗಲೂ Vin ನ ಅರ್ಧ. ಎರಡರಿಂದ ಗುಣಿಸಿದರೆ ಸರಿಯಾಗಿ Vin. ಗೇನ್, ಅಂದರೆ ಔಟ್‌ಪುಟ್ ಎತ್ತರ ಇನ್‌ಪುಟ್‌ನ ಎಷ್ಟು ಪಟ್ಟು ಅನ್ನುವುದು, 1 ಆಗಿಯೇ ಉಳಿಯುವುದು ಇದಕ್ಕೇ.

ಫೇಸ್ ಸೂತ್ರದಲ್ಲಿ ಒಂದು ‘2’ ಬರುತ್ತದಲ್ಲ, ಅದೂ ಇದೇ ಚಿತ್ರದಲ್ಲಿದೆ. O ಬಿಂದುವಿನಲ್ಲಿ ನಿಂತು ನೋಡಿದರೆ P ಸರಿದಿರುವ ಕೋನ arctan(2πfRC). ಕೇಂದ್ರದಲ್ಲಿ ನಿಂತು ನೋಡಿದರೆ ಅದೇ P ಅದರ ಎರಡರಷ್ಟು ಕೋನದಲ್ಲಿ ಕಾಣುತ್ತದೆ. ಆದ್ದರಿಂದ:

φ = −2·arctan(2πfRC)

ತೀರಾ ಕಡಿಮೆ ಆವರ್ತನದಲ್ಲಿ ಇದು ಸೊನ್ನೆ, ತೀರಾ ಹೆಚ್ಚಿನದರಲ್ಲಿ −180 ಡಿಗ್ರಿಗೆ ಹತ್ತಿರ. 2πfRC = 1 ಆದಾಗ ಸರಿಯಾಗಿ −90. R ಮತ್ತು C ಜಾಗ ಅದಲು ಬದಲು ಮಾಡಿದರೆ +180ರಿಂದ ಶುರುವಾಗಿ ಸೊನ್ನೆಗೆ ಇಳಿಯುತ್ತದೆ.

ಈಗ ಒಂದು ಲೆಕ್ಕ ಮಾಡೋಣ. 1 ಕಿಲೋಹರ್ಟ್ಸ್‌ನಲ್ಲಿ 90 ಡಿಗ್ರಿ ಬೇಕು. ಮೊದಲು ಕೆಪಾಸಿಟರ್ ಆರಿಸಬೇಕು, ಯಾಕೆಂದರೆ ಅದು ಸಿಗುವುದು ಕೆಲವೇ ಅಳತೆಗಳಲ್ಲಿ. 100 ಪಿಕೋಫ್ಯಾರಡ್ ತೆಗೆದುಕೊಂಡರೆ R ಸುಮಾರು 1.6 ಮೆಗಾಓಮ್ ಬೇಕಾಗುತ್ತದೆ. ಆಗ ತಂತಿ, ಬ್ರೆಡ್‌ಬೋರ್ಡ್‌ಗಳಿಂದ ಸೇರಿಕೊಳ್ಳುವ ಹತ್ತೇ ಪಿಕೋಫ್ಯಾರಡ್ ಕೂಡ ಲೆಕ್ಕ ಕೆಡಿಸುತ್ತದೆ. 1 ಮೈಕ್ರೋಫ್ಯಾರಡ್ ಆದರೆ R ಬರೀ 159 ಓಮ್, ಇನ್‌ಪುಟ್ ಕೊಡುವ ಸರ್ಕ್ಯೂಟ್‌ಗೆ ಅದು ತುಂಬಾ ಭಾರ. ನಡುವಿನ 10 ನ್ಯಾನೋಫ್ಯಾರಡ್ ಆರಿಸಿದರೆ R = 15.9 ಕಿಲೋಓಮ್. 15 ಕಿಲೋಓಮ್‌ಗೆ 1 ಕಿಲೋಓಮ್ ಸೀರೀಸ್‌ನಲ್ಲಿ ಸೇರಿಸಿ 16 ಮಾಡಿದರೆ φ = −90.3 ಡಿಗ್ರಿ. ಇಷ್ಟು ಸಾಕು.

ಆದರೆ ಈ 0.3 ನೋಡಿ ಖುಷಿಪಡುವಂತಿಲ್ಲ, ಕೆಪಾಸಿಟರ್ ಅದಕ್ಕಿಂತ ಎಷ್ಟೋ ದೊಡ್ಡ ತಪ್ಪು ತರಬಹುದು. ಅದರ ನಿಜವಾದ ಅಳತೆ ಶೇ. 10 ಜಾಸ್ತಿ ಇದ್ದರೆ ಫೇಸ್ ಸುಮಾರು 96 ಡಿಗ್ರಿಗೆ ಹೋಗುತ್ತದೆ. 90 ಡಿಗ್ರಿ ಹತ್ತಿರವೇ ಫೇಸ್ ಅತಿ ಬೇಗ ಬದಲಾಗುವುದು: RC ಶೇ. 1ರಷ್ಟು ತಪ್ಪಿದರೆ 0.57 ಡಿಗ್ರಿ ತಪ್ಪುತ್ತದೆ. ಹಾಗಾಗಿ ಫಿಲ್ಮ್ ಕೆಪಾಸಿಟರ್ ಬಳಸಿ, 15 ಕಿಲೋಓಮ್ ಜೊತೆ 1ರ ಬದಲು 2 ಕಿಲೋಓಮ್ ಟ್ರಿಮ್‌ಪಾಟ್ ಹಾಕಿ. ಕೆಪಾಸಿಟರ್ ಶೇ. 5ರದ್ದಾದರೆ ಈ ಪಾಟ್ ಆ ತಪ್ಪನ್ನು ಸರಿದೂಗಿಸುತ್ತದೆ.

ಗೇನ್ ಮಾತ್ರ R, C ಮೇಲೆ ನಿಂತಿಲ್ಲ. ಅದು ನಿಂತಿರುವುದು ಮೈನಸ್ ಕಾಲಿನ ಎರಡು ರೆಸಿಸ್ಟರ್‌ಗಳು ಎಷ್ಟು ಸಮ ಇವೆ ಅನ್ನುವುದರ ಮೇಲೆ. ಎರಡೂ 10 ಕಿಲೋಓಮ್ ಇರಲಿ. ಅವು ಸಮ ಇಲ್ಲದಿದ್ದರೂ ಕಡಿಮೆ ಆವರ್ತನದಲ್ಲಿ ಗೇನ್ 1 ಆಗಿಯೇ ಇರುತ್ತದೆ, ಆದರೆ ಹೆಚ್ಚಿನ ಆವರ್ತನದಲ್ಲಿ ಅವುಗಳ ಅನುಪಾತದಷ್ಟಾಗುತ್ತದೆ. ಶೇ. 5ರ ರೆಸಿಸ್ಟರ್‌ಗಳಲ್ಲಿ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ತಪ್ಪಿದ್ದರೆ ಅದು ಶೇ. 10ರ ವ್ಯತ್ಯಾಸ. ಇಲ್ಲಿ ಶೇ. 1ರ ರೆಸಿಸ್ಟರ್‌ಗಳನ್ನೇ ಹಾಕಿ.

ನಾನು ಒಮ್ಮೆ ಇದನ್ನೆಲ್ಲ ಸರಿಯಾಗಿ ಮಾಡಿಯೂ ಎತ್ತರ ಕುಗ್ಗುತ್ತಿತ್ತು. ಆವರ್ತನ ಏರಿಸಿದಷ್ಟೂ ಔಟ್‌ಪುಟ್ ಇಳಿಯುತ್ತಿತ್ತು. ಕಾರಣ ಫಿಲ್ಟರ್‌ನಲ್ಲಿ ಇರಲಿಲ್ಲ. ನನ್ನ ಸಿಗ್ನಲ್ ಜನರೇಟರ್‌ನ ಔಟ್‌ಪುಟ್ ರೆಸಿಸ್ಟೆನ್ಸ್ 600 ಓಮ್ ಇತ್ತು. ಕಡಿಮೆ ಆವರ್ತನದಲ್ಲಿ ಈ ಸರ್ಕ್ಯೂಟ್ ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ. ಹೆಚ್ಚಿನದರಲ್ಲಿ 16 ಮತ್ತು 10 ಕಿಲೋಓಮ್ ಎರಡೂ ಗ್ರೌಂಡಿಗೆ ಕೂತಂತಾಗಿ 6.2 ಕಿಲೋಓಮ್ ಭಾರವಾಗುತ್ತದೆ. ಅಲ್ಲೇ ಶೇ. 9ರಷ್ಟು ಹೋಗಿಬಿಡುತ್ತದೆ. ಜನರೇಟರ್ ಮತ್ತು ಫಿಲ್ಟರ್ ನಡುವೆ ಒಂದು ಬಫರ್ ಹಾಕಿದ ಮೇಲೆ ಸರಿಹೋಯಿತು.

ಟ್ರಿಮ್‌ಪಾಟ್ ಸರಿಮಾಡಲು ಸಂಖ್ಯೆಗಳನ್ನು ಓದುತ್ತ ಕೂರುವುದು ಬೇಡ. ಆಸಿಲೋಸ್ಕೋಪನ್ನು ಎಕ್ಸ್-ವೈ ಮೋಡ್‌ಗೆ ಹಾಕಿ, ಎರಡೂ ಚಾನೆಲ್‌ಗಳ ವೋಲ್ಟ್ ಸ್ಕೇಲ್ ಒಂದೇ ಇರಲಿ. ಒಂದಕ್ಕೆ ಇನ್‌ಪುಟ್, ಇನ್ನೊಂದಕ್ಕೆ ಔಟ್‌ಪುಟ್ ಕೊಡಿ. ಸುಮ್ನೆ ಕಲಿಯಲಿಕ್ಕೆ R ಜಾಗದಲ್ಲಿ 100 ಕಿಲೋಓಮ್ ಪಾಟ್ ಹಾಕಿ ಸೊನ್ನೆಯಿಂದ ತಿರುಗಿಸುತ್ತ ಬನ್ನಿ. ಬಲಕ್ಕೆ ವಾಲಿದ ಗೆರೆ ಬಿಚ್ಚಿಕೊಳ್ಳುತ್ತ ಅಂಡಾಕಾರವಾಗುತ್ತದೆ. ಆಮೇಲೆ ದುಂಡಗಾಗುತ್ತದೆ. ಆಮೇಲೆ ಎಡಕ್ಕೆ ವಾಲುತ್ತ ಮತ್ತೆ ಸಣ್ಣಗಾಗುತ್ತದೆ. ಕೊನೆಯಲ್ಲೂ ಪೂರ್ತಿ ಗೆರೆಯಾಗುವುದಿಲ್ಲ, ಯಾಕೆಂದರೆ ಆಗ ಫೇಸ್ 162 ಡಿಗ್ರಿ ಮಾತ್ರ. ಸರಿಯಾಗಿ ದುಂಡಗೆ ಕಂಡಲ್ಲಿ 90 ಡಿಗ್ರಿ. ಅಂಡಾಕಾರ ವಾಲಿಕೊಂಡಿದ್ದರೆ ಫೇಸ್ ತಪ್ಪಿದೆ. ವಾಲದೆ ನೆಟ್ಟಗೆ ನಿಂತು ಉದ್ದವಾಗಿ ಅಥವಾ ಅಗಲವಾಗಿ ಕಂಡರೆ ಗೇನ್ ತಪ್ಪಿದೆ.

ಆದರೆ ಆ ವೃತ್ತ ಒಂದೇ ಆವರ್ತನಕ್ಕೆ ಮಾತ್ರ. 2 ಕಿಲೋಹರ್ಟ್ಸ್‌ಗೆ ಹೋದರೆ ಫೇಸ್ ಸುಮಾರು 127 ಡಿಗ್ರಿ ಆಗಿರುತ್ತದೆ. ಹಲವು ಆವರ್ತನಗಳು ಬೆರೆತ ಸಿಗ್ನಲ್ ಕೊಟ್ಟರೆ ಒಂದೊಂದೂ ಒಂದೊಂದು ಅಳತೆಗೆ ಸರಿಯುತ್ತದೆ, ಅಲೆಯ ಆಕಾರವೇ ಬೇರೆಯಾಗುತ್ತದೆ. ಇದನ್ನು ನೋಡಬೇಕಾದರೆ ಇದೇ ಸರ್ಕ್ಯೂಟ್‌ಗೆ 100 ಹರ್ಟ್ಸ್‌ನ, ±1 ವೋಲ್ಟ್‌ನ ಚೌಕ ಅಲೆ ಕೊಡಿ. ಇನ್‌ಪುಟ್ −1ರಿಂದ +1ಕ್ಕೆ ಹಾರಿದ ಕ್ಷಣ ಕೆಪಾಸಿಟರ್ ಇನ್ನೂ −1ರಲ್ಲೇ ಇರುತ್ತದೆ. ಆಗ ಔಟ್‌ಪುಟ್ 2 × (−1) − 1, ಅಂದರೆ −3 ವೋಲ್ಟ್! ಅಲ್ಲಿಂದ ಮೆಲ್ಲಗೆ ಏರಿ, ಸುಮಾರು 222 ಮೈಕ್ರೋಸೆಕೆಂಡಿಗೆ ಸೊನ್ನೆ ದಾಟಿ +1ಕ್ಕೆ ಬಂದು ನಿಲ್ಲುತ್ತದೆ. ಪ್ರತಿ ಆವರ್ತನಕ್ಕೂ ಗೇನ್ 1 ಇದ್ದರೂ ಶಿಖರ ಮೂರು ಪಟ್ಟು. ±12 ವೋಲ್ಟ್ ಸಪ್ಲೈನಲ್ಲಿ ±5 ವೋಲ್ಟ್‌ನ ಚೌಕ ಅಲೆ ಕೊಟ್ಟರೆ ಔಟ್‌ಪುಟ್ 15 ವೋಲ್ಟ್ ಮುಟ್ಟಬೇಕು, ಅಷ್ಟು ಅದರ ಕೈಲಾಗುವುದಿಲ್ಲ. ಸ್ಕೋಪ್‌ನಲ್ಲಿ ಆ ಚೂಪು ತುದಿಗಳು ಚಪ್ಪಟೆಯಾಗಿ ಕತ್ತರಿಸಿದಂತೆ ಕಾಣುತ್ತವೆ.