ದನಿಗಿಂತ ಅರೆ ಸೆಕೆಂಡ್ ಮುಂಚೆ

ತುಲಾ ಸಂಕ್ರಮಣ ಹತ್ತಿರ ಬಂತೆಂದರೆ ಮಡಿಕೇರಿಯ ನಮ್ಮ ಸ್ಟುಡಿಯೊಗೆ ಕಾವೇರಮ್ಮನ ಹಾಡುಗಳು ಬರತೊಡಗುತ್ತವೆ. ಜೊತೆಗೆ ತಲಕಾವೇರಿ, ಭಾಗಮಂಡಲದ ಒಂದಷ್ಟು ಫೋಟೊ. ಇವನ್ನು ಸೇರಿಸಿ, ಹಾಡಿನ ಸಾಲುಗಳು ಪರದೆಯ ಮೇಲೆ ಮೂಡುವ ವಿಡಿಯೊ ಮಾಡುತ್ತೇವೆ. ಇಂಥ ವಿಡಿಯೊವನ್ನು ಜನ ಸುಮ್ನೆ ನೋಡುವುದಿಲ್ಲ, ಟಿವಿ ಮುಂದೆ ಕೂತು ಜೊತೆಗೆ ಹಾಡುತ್ತಾರೆ. ದನಿ ಬಂದ ಮೇಲೆ ಸಾಲು ಕಂಡರೆ ಓದಿ ಹಾಡುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತದೆ.

‘ಬ್ರಹ್ಮಗಿರಿಯಲಿ ಹುಟ್ಟಿ ಬಂದ ತಾಯೆ’ ಅನ್ನುವ ಪಲ್ಲವಿ ಇದೆ ಅಂದುಕೊಳ್ಳಿ. ದನಿ 42.6ನೇ ಸೆಕೆಂಡಿಗೆ ಶುರುವಾದರೆ ಸಾಲನ್ನು 42.1ಕ್ಕೇ ಇಡುತ್ತೇನೆ. ದನಿ ಎಲ್ಲಿ ಶುರುವಾಯಿತೆಂದು ಹುಡುಕಲು Aegisub ಅನ್ನುವ ಸಬ್‌ಟೈಟಲ್ ಸಾಫ್ಟ್‌ವೇರ್ ಬಳಸುತ್ತೇನೆ. ಹಾರ್ಮೋನಿಯಂ ಒಂದೇ ಸಮನೆ ನುಡಿಯುತ್ತಿದ್ದರೆ ಅಲೆಯ ಚಿತ್ರದಲ್ಲಿ ದನಿ ಗೊತ್ತಾಗುವುದಿಲ್ಲ, ಸ್ಪೆಕ್ಟ್ರಮ್ ನೋಟಕ್ಕೆ ಹೋಗಬೇಕು. ಪಲ್ಲವಿ ಮರಳಿ ಬಂದಾಗ ಹಳೇ ಟೈಮಿಂಗನ್ನೇ ಕಾಪಿ ಮಾಡುವ ಆಸೆ ಆಗುತ್ತೆ, ಮಾಡಬೇಡಿ. ಎರಡನೇ ಸಲ ಗಾಯಕಿ ‘ತಾಯೆ’ಯನ್ನು ಎಳೆದಿರುತ್ತಾರೆ. ದನಿ ಇನ್ನೂ ಇರುವಾಗಲೇ ಸಾಲು ಮಾಯವಾಗುತ್ತದೆ.

ಇನ್ನು ಫೋಟೊ. ನಿಧಾನಕ್ಕೆ ಹತ್ತಿರ ಬರಬೇಕಾದ ಬೆಟ್ಟ ಸಣ್ಣಗೆ ನಡುಗುತ್ತದೆ ಅಲ್ವಾ? 1920 ಪಿಕ್ಸೆಲ್ ಅಗಲದ ಫೋಟೊ 12 ಸೆಕೆಂಡಿನಲ್ಲಿ ಶೇ 8ರಷ್ಟು ದೊಡ್ಡದಾಗುತ್ತದೆ ಅನ್ನಿ. ಎಡ ಅಂಚು ಸರಿಯುವುದು ಸುಮಾರು 77 ಪಿಕ್ಸೆಲ್. ಸೆಕೆಂಡಿಗೆ 25 ಫ್ರೇಮಿನಂತೆ ಒಟ್ಟು 300 ಫ್ರೇಮು. ಅಂದರೆ ಒಂದು ಫ್ರೇಮಿಗೆ ಕಾಲು ಪಿಕ್ಸೆಲ್. ಫೋಟೊವನ್ನು ವಿಡಿಯೊ ಮಾಡಲು ಬಳಸುವ ffmpegನ zoompan ಫಿಲ್ಟರ್ ಕಾಲು ಪಿಕ್ಸೆಲ್ ಸರಿಸುವುದಿಲ್ಲ, ಪೂರ್ತಿ ಪಿಕ್ಸೆಲ್ಲನ್ನೇ ಎಣಿಸುತ್ತದೆ. ಹಾಗಾಗಿ ಚಿತ್ರ ನಾಲ್ಕಾರು ಫ್ರೇಮು ನಿಂತು, ಆಮೇಲೆ ಜಿಗಿಯುತ್ತದೆ. ಫೋಟೊವನ್ನು ಮೊದಲು ನಾಲ್ಕು ಪಟ್ಟು ದೊಡ್ಡದು ಮಾಡಿಕೊಂಡರೆ ಆ ಜಿಗಿತವೂ ಕಾಲು ಭಾಗಕ್ಕೆ ಇಳಿಯುತ್ತದೆ.

```
ffmpeg -i betta.jpg -vf "scale=7680:4320,zoompan=z='1+0.08*on/300':x='iw/2-iw/zoom/2':y='ih/2-ih/zoom/2':d=300:s=1920x1080:fps=25" -pix_fmt yuv420p betta.mp4
```

ಫೋಟೊವನ್ನು ಮೊದಲೇ 16:9ಕ್ಕೆ ಕತ್ತರಿಸಿಕೊಂಡಿರಬೇಕು, ಇಲ್ಲದಿದ್ದರೆ ಬೆಟ್ಟ ಚಪ್ಪಟೆಯಾಗುತ್ತದೆ. ಕೆಲಸ ಮುಗಿಯಲು ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ನಮ್ಮಲ್ಲಿ ಇನ್ನೊಂದು ತೊಂದರೆ ಮಂಜು. ಬ್ರಹ್ಮಗಿರಿಯ ಫೋಟೊಗಳಲ್ಲಿ ಅರ್ಧ ಬಿಳಿಯೇ, ಅದರ ಮೇಲೆ ಬಿಳಿ ಅಕ್ಷರ ಕಾಣುವುದಿಲ್ಲ. ಅಕ್ಷರಕ್ಕೆ ದಪ್ಪ ಕಪ್ಪು ಅಂಚು ಕೊಟ್ಟರೆ ‘ಹುಟ್ಟಿ’ಯ ಟ ಒತ್ತು, ‘ಬ್ರಹ್ಮ’ದ ಮ ಒತ್ತು ತುಂಬಿಹೋಗಿ ಕಪ್ಪು ಚುಕ್ಕೆಯಾಗುತ್ತವೆ. ಅಂಚು ತೆಳ್ಳಗಿರಲಿ. ಚಿತ್ರದ ಕೆಳಭಾಗವನ್ನೇ ಮೆಲ್ಲಗೆ ಕಪ್ಪಾಗಿಸಿದರೆ ಸಾಕು. ಎರಡು ಸಾಲು ಇಡುವಾಗ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.