ಮೆಟ್ಟಿಲು ಬಂದ ಕೂಡಲೇ ಮೂಲೆ ಯಾಕೆ ಕೆಡುತ್ತದೆ?

ಬೆಳಗಾವಿಯಲ್ಲಿ ಎರಡು ಆಯಾಮದ ಗೇಮ್ ಮಾಡುವ ಹುಡುಗರಿಗೆ ಕಲಿಸುವಾಗ ಒಂದು ದೂರು ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತದೆ. ಈ ಸಲ ತಂದವಳು ಬಾಗಲಕೋಟೆ ಕಡೆಯ ಹುಡುಗಿ. ಬಾದಾಮಿಯ ಕೆಂಪು ಬಂಡೆ, ಗುಹೆಯಿಂದ ಗುಹೆಗೆ ಹತ್ತುವ ಮೆಟ್ಟಿಲು, ಕೆಳಗೆ ಅಗಸ್ತ್ಯ ತೀರ್ಥ, ಇದೇ ಅವಳ ಲೆವೆಲ್. ಬಂಡೆಯ ಬಣ್ಣ ಎಷ್ಟು ಚೆಂದ ಹಿಡಿದಿದ್ದಳೆಂದರೆ ನಾನು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತೆ. ಆಮೇಲೆ ಅವಳು ಮೆಟ್ಟಿಲು ತೋರಿಸಿದಳು.

"ಸರ್, ನಿಯಮ ಎಲ್ಲಾ ಬರೋಬರ್ ಹಾಕೀನ್ರಿ. ಆದ್ರ ಮೆಟ್ಟಿಲ ಮೂಲ್ಯಾಗ ತೂತು ಬೀಳಾಕತ್ತೈತಿ. ಆಟೋ-ಟೈಲಿಂಗ್ ಕೆಟ್ಟೈತೇನ್ರಿ?"

"ಕೆಟ್ಟಿಲ್ಲವಾ. ನೀ ಕೇಳಿದ್ದನ್ನ ಅದು ಮಾಡೇತಿ," ಅಂದೆ.

ಟೈಲ್ ಅಂದರೇನು, ಟೈಲ್‌ಮ್ಯಾಪ್ ಹೇಗೆ ಹಾಕಬೇಕು ಅನ್ನೋದನ್ನು ಇಲ್ಲಿ ಹೇಳುವುದಿಲ್ಲ. ಅದು ನಿಮಗೆ ಗೊತ್ತೇ ಇದೆ. ಸುತ್ತಲಿನ ಚೌಕಗಳನ್ನು ನೋಡಿ, ಎಲ್ಲಿ ಯಾವ ಟೈಲ್ ಅಂತ ನಿಯಮವೇ ಆರಿಸಿ ಇಡುವುದು ಆಟೋ-ಟೈಲಿಂಗ್. ಈ ಒಂದು ಮೂಲೆಯ ವಿಷಯವನ್ನು ಮಾತ್ರ ಸಾವಕಾಶವಾಗಿ ನೋಡೋಣ. ಇದು ತಿಳಿಯದೇ ಹುಡುಗರು ರಾತ್ರಿಯೆಲ್ಲ ಕೂತು ಕೈಯಿಂದ ತೇಪೆ ಹಾಕುತ್ತಾರೆ. ನನಗೆ ಸಿಟ್ಟು ಬರುವುದು ಆ ವ್ಯರ್ಥ ದುಡಿಮೆ ನೋಡಿ.

ಅವಳ ಮೆಟ್ಟಿಲು ಹೀಗಿತ್ತು. `#` ಅಂದರೆ ಬಂಡೆ, ಚುಕ್ಕೆ ಅಂದರೆ ಖಾಲಿ ಜಾಗ.

```
. . . . # #
. . # # # #
# # # # # #
# # # # # #
```

ಎರಡನೇ ಸಾಲಿನ ಐದನೇ ಚೌಕ ನೋಡಿ. ಅದರ ಮೇಲೆ ಬಂಡೆ ಇದೆ, ಕೆಳಗೆ ಇದೆ, ಎಡಕ್ಕೆ ಇದೆ, ಬಲಕ್ಕೂ ಇದೆ. ಅವಳು ಬರೆದಿದ್ದು 16 ಟೈಲ್. ಅಂದರೆ ನಾಲ್ಕು ದಿಕ್ಕಿನ ನೆರೆಯವರನ್ನು ಮಾತ್ರ ಕೇಳುವ ನಿಯಮ. ಒಂದೊಂದು ದಿಕ್ಕಿಗೂ ಇದೆ ಅಥವಾ ಇಲ್ಲ, ಎರಡೇ ಉತ್ತರ. ಎರಡನ್ನು ನಾಲ್ಕು ಸಲ ಗುಣಿಸಿದರೆ 16. ಗೊಡೊ 4ರಲ್ಲಿ ಇದಕ್ಕೆ `Match Sides` ಅಂತ ಹೆಸರು. ಈ ಚೌಕಕ್ಕೆ ನಾಲ್ಕೂ ಕಡೆಯಿಂದ "ಇದೆ" ಅಂತ ಉತ್ತರ ಬಂತು. ಹಾಗಾದರೆ ಇದು ಬಂಡೆಯ ಒಡಲೊಳಗಿನ ಚೌಕ, ಅಂಚು ಬೇಡ ಅಂತ ನಿಯಮ ತೀರ್ಮಾನಿಸಿತು. ಅಂಚಿಲ್ಲದ ಟೈಲ್ ಇಟ್ಟಿತು.

ಆದರೆ ಅದೇ ಚೌಕದ ಎಡಮೇಲಿನ ಮೂಲೆಯಲ್ಲಿ ಬಂಡೆ ಇಲ್ಲ, ಆಕಾಶ ಇದೆ. ಮೆಟ್ಟಿಲಿನ ತುಳಿಯುವ ಭಾಗ ಮತ್ತು ನಿಂತ ಗೋಡೆ ಕೂಡುವ ಜಾಗ ಅದೇ. ಇದಕ್ಕೆ ಒಳಮೂಲೆ ಅನ್ನೋಣ. ಅವಳ ಟೈಲ್ 16 ಪಿಕ್ಸೆಲ್ ಅಗಲ, ಅಂಚಿನ ಗಾಢ ಬಣ್ಣ 3 ಪಿಕ್ಸೆಲ್ ದಪ್ಪ. ತುಳಿಯುವ ಭಾಗದ ಅಂಚು ನಾಲ್ಕನೇ ಚೌಕಕ್ಕೆ ಮುಗಿಯುತ್ತದೆ. ಗೋಡೆಯ ಅಂಚು ಮೇಲಿನ ಸಾಲಿಗೆ ಮುಗಿಯುತ್ತದೆ. ಎರಡೂ ಒಂದು ತುದಿಯಲ್ಲಿ ಮುಟ್ಟುತ್ತವೆ, ಕೂಡುವುದಿಲ್ಲ. ನಡುವೆ 3 ಗುಣಿಸು 3 ಪಿಕ್ಸೆಲ್‌ನ ಕಚ್ಚು ಉಳಿಯುತ್ತದೆ. ಅವಳು ತೂತು ಅಂದಿದ್ದು ಇದನ್ನೇ.

ಇಲ್ಲೊಂದು ಮೋಸವಿದೆ. ಅಂಚು 1 ಪಿಕ್ಸೆಲ್ ಇದ್ದರೆ ಈ ಕಚ್ಚು ಕಣ್ಣಿಗೆ ಬೀಳುವುದೇ ಇಲ್ಲ. ಹೀಗಾಗಿ ಮೊದಲ ವಾರ ಕಪ್ಪು ಗೆರೆ ಎಳೆದು ಪರೀಕ್ಷೆ ಮಾಡಿದಾಗ ಎಲ್ಲ ಸರಿ ಕಾಣುತ್ತದೆ. ಆಮೇಲೆ ಹುಲ್ಲು, ನೆರಳು ಅಂತ ದಪ್ಪ ಅಂಚು ಬರೆದ ಮೇಲೆ ಎಲ್ಲ ಮೂಲೆಯೂ ಬಾಯಿ ಬಿಡುತ್ತದೆ. ಆಗ ಬರೆದ ಚಿತ್ರದ ಮೇಲೆ ಸಂಶಯ ಪಡುತ್ತಾರೆ. ಆದರೆ ತಪ್ಪು ಇರುವುದು ನಿಯಮ ಕೇಳಿದ ಪ್ರಶ್ನೆಯಲ್ಲಿ. ಸಮತಟ್ಟು ನೆಲದಲ್ಲಿ ಒಳಮೂಲೆ ಬರುವುದೇ ಇಲ್ಲ. ಮೆಟ್ಟಿಲಿನಲ್ಲಿ ಒಂದೊಂದು ಹೆಜ್ಜೆಗೂ ಒಂದು ಬರುತ್ತದೆ. ಬಾದಾಮಿಯನ್ನು ಆರಿಸಿಕೊಂಡವಳಿಗೆ ಇದು ಮೊದಲ ಪರದೆಯಲ್ಲೇ ಎದುರಾಯಿತು.

ಈಗ ತೇಪೆಯ ವಿಷಯ. ಅವಳು ಒಂದು ಒಳಮೂಲೆ ಟೈಲ್ ಬರೆದು, ಮೆಟ್ಟಿಲು ಮೆಟ್ಟಿಲಿಗೂ ಕೈಯಿಂದ ಇಟ್ಟಿದ್ದಳು. ಆ ಟೈಲನ್ನು ಟೆರೇನ್‌ಗೆ, ಅಂದರೆ ನಿಯಮ ಒಂದೇ ಬಂಡೆ ಅಂತ ಲೆಕ್ಕ ಹಿಡಿಯುವ ಟೈಲ್‌ಗಳ ಗುಂಪಿಗೆ, ಸೇರಿಸಿರಲಿಲ್ಲ. ಅಂದರೆ ನಿಯಮದ ಲೆಕ್ಕದಲ್ಲಿ ಅದು ಬಂಡೆಯೇ ಅಲ್ಲ. ಮರುದಿನ ಪಕ್ಕದಲ್ಲಿ ಇನ್ನೊಂದು ಹೆಜ್ಜೆ ಎಳೆದಳು. ಸುತ್ತಲಿನ ಚೌಕಗಳು ತಮ್ಮ ನೆರೆಯವರನ್ನು ಮತ್ತೆ ಕೇಳಿದವು. ತೇಪೆಯ ಚೌಕ ಖಾಲಿ ಅಂದುಕೊಂಡು ಅದರ ಕಡೆಗೆ ಅಂಚು ಹಾಕಿದವು. ಗಟ್ಟಿ ಬಂಡೆಯ ನಡುವೆ ಒಂದು ಟೈಲಿಗೆ ಚೌಕಟ್ಟು ಹಾಕಿದ ಹಾಗೆ ಕಂಡರೆ ಅಲ್ಲೊಂದು ಅನಾಥ ತೇಪೆ ಇದೆ ಅಂತ ತಿಳಿಯಿರಿ. ಟೆರೇನ್‌ಗೆ ಸೇರಿಸಿಬಿಟ್ಟರೆ ಸಾಕಲ್ಲ ಅನ್ನಬಹುದು. ನಾಲ್ಕು ದಿಕ್ಕಿನ ನಿಯಮದಲ್ಲಿ ಅದೂ ಸಾಲದು. ಒಳಮೂಲೆ ಟೈಲಿಗೂ ಒಡಲ ಟೈಲಿಗೂ ಒಂದೇ ಉತ್ತರ ಆಗುತ್ತದೆ, ನಾಲ್ಕೂ ಕಡೆ "ಇದೆ". ಯಾವುದನ್ನು ಎಲ್ಲಿಡಬೇಕು ಅಂತ ಅದಕ್ಕೆ ತಿಳಿಯುವ ದಾರಿಯೇ ಇಲ್ಲ.

ಹಾಗಾದರೆ ಮೂಲೆಯನ್ನೂ ಕೇಳಬೇಕು. ನೆರೆಯವರು ಎಂಟು ಜನ ಆದರು, 256 ಸಾಧ್ಯತೆ. ಇದನ್ನು ಕೇಳಿ ಹುಡುಗರು ಹೆದರುತ್ತಾರೆ. ಹೆದರಬೇಡಿ. ಮೂಲೆಯ ಉತ್ತರ ಎಲ್ಲ ಸಲವೂ ಬೇಕಾಗುವುದಿಲ್ಲ. ಮೇಲೆ ಬಂಡೆ ಇಲ್ಲದಿದ್ದರೆ ಮೇಲಿನ ಅಂಚು ಹೇಗೂ ಉದ್ದಕ್ಕೆ ಬರುತ್ತದೆ. ಆಗ ಎಡಮೇಲಿನ ಮೂಲೆಯಲ್ಲಿ ಏನಿದ್ದರೂ ಚಿತ್ರ ಬದಲಾಗುವುದಿಲ್ಲ. ಮೂಲೆಯ ಎರಡೂ ಪಕ್ಕದಲ್ಲಿ ಬಂಡೆ ಇದ್ದಾಗ ಮಾತ್ರ ಮೂಲೆಯನ್ನು ಕೇಳಬೇಕು. ಈ ಒಂದು ಮಾತಿನಿಂದ 256 ಇದ್ದದ್ದು 47ಕ್ಕೆ ಇಳಿಯುತ್ತದೆ. ಗೊಡೊದಲ್ಲಿ `Match Corners and Sides` ಆರಿಸಿದಾಗ ತುಂಬಬೇಕಾದ ಪೂರ್ತಿ ಸೆಟ್ ಇದೇ 47. ಕಡಿಮೆ ಕೊಟ್ಟರೆ ಅದು ಇದ್ದುದರಲ್ಲಿ ಹತ್ತಿರದ್ದನ್ನು ಹುಡುಕಿ ಇಡುತ್ತದೆ. ಅದು ನಿಮಗೆ ಬೇಕಾದದ್ದೇ ಆಗಿರಬೇಕಂತಿಲ್ಲ.

47 ಟೈಲ್ ಕೂತು ಬರೆಯಬೇಕಾ? ನನ್ನ ಅಭಿಪ್ರಾಯದಲ್ಲಿ ಬೇಡ. ಒಬ್ಬರೇ ಗೇಮ್ ಮಾಡುವವರಿಗಂತೂ ಬೇಡವೇ ಬೇಡ. ಆ ಹುಡುಗಿಗೆ ನಾನು ಮಾಡಿಸಿದ್ದು ಬೇರೆ ಕೆಲಸ.

16 ಪಿಕ್ಸೆಲ್ ಟೈಲನ್ನು 8 ಪಿಕ್ಸೆಲ್‌ನ ನಾಲ್ಕು ಕಾಲುಭಾಗ ಮಾಡಿ. ಎಡಮೇಲಿನ ಕಾಲುಭಾಗವನ್ನೇ ತಗೊಳ್ಳಿ. ಅದಕ್ಕೆ ಮೂರೇ ನೆರೆಯವರು: ಮೇಲಿನವರು, ಎಡದವರು, ಆ ಮೂಲೆಯವರು. ಎರಡೂ ಪಕ್ಕ ಖಾಲಿ ಇದ್ದರೆ ಹೊರಮೂಲೆ. ಮೇಲೆ ಮಾತ್ರ ಬಂಡೆ ಇದ್ದರೆ ಎಡಕ್ಕೆ ನಿಂತ ಅಂಚು. ಎಡಕ್ಕೆ ಮಾತ್ರ ಇದ್ದರೆ ಮೇಲೆ ಮಲಗಿದ ಅಂಚು. ಎರಡೂ ಇದ್ದು ಮೂಲೆ ಖಾಲಿ ಇದ್ದರೆ ಒಳಮೂಲೆ. ಮೂರೂ ಇದ್ದರೆ ಒಡಲು. ಐದೇ ಸ್ಥಿತಿ, ಆರನೆಯದಿಲ್ಲ. ನಾಲ್ಕು ಕಾಲುಭಾಗಕ್ಕೆ ಒಟ್ಟು 20 ಸಣ್ಣ ತುಂಡು. ಅಷ್ಟು ತುಂಡಿಗೆ ಬೇಕಾಗುವ ಜಾಗ ಐದು ಪೂರ್ತಿ ಟೈಲಿನಷ್ಟು. 47 ಟೈಲ್‌ಗಳೂ ಈ 20 ತುಂಡಿನಿಂದಲೇ ಕೂಡಿಕೊಳ್ಳುತ್ತವೆ.

```
func quarter(v, h, c):
    if not v and not h: return 0
    if v and not h: return 1
    if h and not v: return 2
    return 4 if c else 3
```

`v` ಅಂದರೆ ಮೇಲಿನ ಅಥವಾ ಕೆಳಗಿನ ನೆರೆಯವರು, `h` ಅಂದರೆ ಪಕ್ಕದವರು, `c` ಅಂದರೆ ಮೂಲೆಯವರು. ಇದನ್ನು ಒಂದೊಂದು ಚೌಕಕ್ಕೆ ನಾಲ್ಕು ಸಲ ಕರೆಯಿರಿ. ನಮ್ಮ ಮೆಟ್ಟಿಲಿನ ಆ ಚೌಕಕ್ಕೆ ಎಡಮೇಲಿನ ಕಾಲುಭಾಗದಲ್ಲಿ 3 ಬರುತ್ತದೆ, ಉಳಿದ ಮೂರರಲ್ಲಿ 4. ಕಚ್ಚು ಇದ್ದ ಕಡೆ ಒಳಮೂಲೆಯ ತುಂಡು ಕೂತಿತು, ಬೇರೆ ಏನೂ ಕದಲಲಿಲ್ಲ. ಗೇಮ್ ನಡೆಯುವಾಗ ತುಂಡು ಕೂಡಿಸಬಹುದು. ಇಲ್ಲವೇ ಒಂದು ಸಣ್ಣ ಸ್ಕ್ರಿಪ್ಟ್‌ನಿಂದ 47 ಟೈಲನ್ನೂ ಮೊದಲೇ ಒಂದು ಚಿತ್ರವಾಗಿ ಮಾಡಿಟ್ಟುಕೊಂಡು ಗೊಡೊಗೆ ಕೊಡಬಹುದು. ನನಗೆ ಎರಡನೆಯದೇ ಇಷ್ಟ. ಅದರಿಂದ ಎಡಿಟರ್‌ನಲ್ಲೇ ಬಂಡೆ ಎಳೆಯುತ್ತಾ ಮೂಲೆ ಕೂಡುವುದನ್ನು ಕಣ್ಣಾರೆ ನೋಡಬಹುದು. ಆದರೆ 47ಕ್ಕೂ ಟೆರೇನ್ ಗುರುತು ಹಾಕುವುದು ಬೇಸರದ ಕೆಲಸ. ಒಂದೇ ಒಂದು ಗುರುತು ತಪ್ಪಿದರೂ ಯಾವುದೋ ಮೂಲೆಯಲ್ಲಿ ಕೆಡುತ್ತದೆ. ನಿಧಾನವಾಗಿ ಮಾಡಿ.

ಈ ಉಪಾಯಕ್ಕೂ ಮಿತಿ ಇದೆ. ಅಂಚಿನ ದಪ್ಪ 8 ಪಿಕ್ಸೆಲ್ ಮೀರಬಾರದು, ಮೀರಿದರೆ ಎದುರಿನ ಕಾಲುಭಾಗಕ್ಕೆ ನುಗ್ಗುತ್ತದೆ. ಇಡೀ ಟೈಲಿಗೆ ಹರಡಿದ ದೊಡ್ಡ ಬಿರುಕು, ಕೆತ್ತನೆ ಇದರಲ್ಲಿ ಹಿಡಿಯುವುದಿಲ್ಲ, ನಡುವೆ ಕತ್ತರಿಸಿ ಹೋಗುತ್ತದೆ. ಆ ಹುಡುಗಿ ಕಂಬದ ಕೆತ್ತನೆಯನ್ನೂ ಇದರಲ್ಲೇ ತುರುಕಲು ಹೊರಟಿದ್ದಳು. ಅದನ್ನು ಬೇರೆ ಅಲಂಕಾರದ ಪದರಕ್ಕೆ ಹಾಕಿಸಿದೆ. ನಿಯಮಕ್ಕೆ ಬಂಡೆ, ಕೈಗೆ ಕೆತ್ತನೆ. ಕೈಕೆಲಸ ನಿಯಮದ ಪದರದೊಳಗೆ ಕಾಲಿಡದಿದ್ದರೆ ಲೆವೆಲ್ ಎಷ್ಟು ಸಲ ಬದಲಿಸಿದರೂ ಚಿಂತೆಯಿಲ್ಲ.

ಟೈಲ್ಡ್ ಅಥವಾ ಯುನಿಟಿ ಬಳಸುವವರಿಗೆ ಹೆಸರುಗಳು ಬೇರೆ. ಟೈಲ್ಡ್‌ನಲ್ಲಿ `Edge Set`, `Corner Set`, `Mixed Set` ಅಂತ ಇರುತ್ತದೆ. ಯುನಿಟಿಯ `Rule Tile`ನಲ್ಲಿ ಸುತ್ತಲಿನ ಎಂಟೂ ಚೌಕಕ್ಕೆ ಗುರುತು ಹಾಕಬಹುದು. ಎಲ್ಲಿ ಹೋದರೂ ನಿಯಮ ಯಾರನ್ನು ಕೇಳುತ್ತಿದೆ ಅನ್ನೋದನ್ನು ಮೊದಲು ನೋಡಿಕೊಳ್ಳಿ.

ಲೆವೆಲ್ ಗೇಮ್ ನಡೆಯುವಾಗ ಬದಲಾಗುವುದಾದರೆ ಇನ್ನೊಂದು ಎಚ್ಚರ ಬೇಕು. ಆಟಗಾರ ಒಂದು ಬಂಡೆ ಒಡೆದ ಅಂದುಕೊಳ್ಳಿ. ಆ ಒಂದು ಚೌಕವನ್ನಷ್ಟೇ ಹೊಸದು ಮಾಡಿದರೆ ಸಾಲದು. ಅದನ್ನು ನೆರೆಯವರು ಅಂತ ಲೆಕ್ಕ ಹಿಡಿದ ಎಂಟು ಚೌಕಗಳೂ ತಮ್ಮ ಟೈಲನ್ನು ಮತ್ತೆ ಆರಿಸಬೇಕು. ಅಂದರೆ ಒಟ್ಟು 9. ಅಡ್ಡ ಮತ್ತು ಉದ್ದದ ನಾಲ್ಕನ್ನು ಮಾತ್ರ ಸರಿಮಾಡಿ ಮೂಲೆಯ ನಾಲ್ಕನ್ನು ಬಿಟ್ಟರೆ ಅದೇ ಹಳೆಯ ಕಚ್ಚು ವಾಪಸ್ ಬರುತ್ತದೆ. ಈ ಸಲ ಅದು ಆಟದ ನಡುವೆ ಬರುತ್ತದೆ, ಹುಡುಕುವುದು ಕಷ್ಟ.

ಮ್ಯಾಪಿನ ಅಂಚಿನ ಆಚೆ ಏನಿದೆ ಅಂತಲೂ ನಿಯಮ ಕೇಳುತ್ತದೆ. ಅಲ್ಲಿ ಖಾಲಿ ಅಂತ ಉತ್ತರ ಕೊಟ್ಟರೆ ಪರದೆಯ ತುದಿಯಲ್ಲಿ ಬಂಡೆಗೆ ಅಂಚು ಮೂಡಿ, ಲೋಕ ಅಲ್ಲಿಗೇ ಮುಗಿದಂತೆ ಕಾಣುತ್ತದೆ. ಬಂಡೆ ಮುಂದುವರಿಯಬೇಕಾದ ಕಡೆ ಕ್ಯಾಮೆರಾದ ಗಡಿಯಾಚೆ ಒಂದು ಚೌಕ ಜಾಸ್ತಿ ಎಳೆದುಬಿಡಿ, ಸಾಕು.

ಲೆವೆಲ್ ಎಳೆಯುವ ಮುಂಚೆ ನಾನು ಒಂದು ಪರೀಕ್ಷೆಯ ಮ್ಯಾಪ್ ಮಾಡಿಸುತ್ತೇನೆ. ಒಂಟಿ ಚೌಕ ಒಂದು, ಒಂದೇ ಚೌಕ ದಪ್ಪದ ಉದ್ದನೆಯ ಗೋಡೆ ಒಂದು, ಕೂಡಿಸುವ ಚಿಹ್ನೆಯ ಆಕಾರ, ನಡುವೆ ಒಂದು ತೂತಿರುವ 3 ಗುಣಿಸು 3ರ ಬಂಡೆ, ಎರಡೂ ಕಡೆ ಇಳಿಯುವ ಮೆಟ್ಟಿಲು, ಮೂಲೆಗೆ ಮೂಲೆ ಮಾತ್ರ ತಾಗಿದ ಎರಡು ಚೌಕ. ಅಂಚಿಗೆ ತಾತ್ಕಾಲಿಕವಾಗಿ ಕಣ್ಣು ಕುಕ್ಕುವ ಗುಲಾಬಿ ಬಣ್ಣ, ದಪ್ಪ 3 ಪಿಕ್ಸೆಲ್‌ಗೆ ಕಡಿಮೆ ಇಲ್ಲದಂತೆ. ಕೂಡಿಸುವ ಚಿಹ್ನೆಯ ನಡುವಿನ ಚೌಕದಲ್ಲಿ ನಾಲ್ಕೂ ಒಳಮೂಲೆ ಒಟ್ಟಿಗೆ ಬರುತ್ತವೆ. ಅಲ್ಲಿ ಗುಲಾಬಿ ಗೆರೆ ಎಲ್ಲೂ ಕಡಿಯದೇ ಸುತ್ತಿಬಂದರೆ ಬಂಡೆಗೆ ನಿಜವಾದ ಬಣ್ಣ ಹಚ್ಚಲು ಶುರು ಮಾಡಬಹುದು.