ಚೊಂಗ್‌ಚಿಂಗ್‌ನ ಮೂರು ಕೋಟಿ: ಒಂದೇ ಹೆಸರು, ಮೂರು ಎಲ್ಲೆಗಳು

ಜಗತ್ತಿನ ಅತಿ ದೊಡ್ಡ ನಗರ ಯಾವುದೆಂಬ ಪಟ್ಟಿಗಳಲ್ಲಿ ಚೀನಾದ ಚೊಂಗ್‌ಚಿಂಗ್ ಹೆಸರು ಮತ್ತೆ ಮತ್ತೆ ಮೊದಲ ಸ್ಥಾನಕ್ಕೆ ಬರುತ್ತದೆ. 2020ರ ಜನಗಣತಿಯ ಪ್ರಕಾರ ಅಲ್ಲಿನ ನಿವಾಸಿಗಳ ಸಂಖ್ಯೆ 3.2 ಕೋಟಿ, ಮತ್ತು ಈ ಅಂಕಿಯಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಅದನ್ನು ನಗರದ ಜನಸಂಖ್ಯೆ ಎಂದು ಓದುವುದರಲ್ಲಿ. ಆ ಎಣಿಕೆ ನಡೆದ ಪ್ರದೇಶದ ವಿಸ್ತೀರ್ಣ ಸುಮಾರು 82,400 ಚದರ ಕಿಲೋಮೀಟರ್, ಎಂದರೆ ಕೇರಳದ ಎರಡು ಪಟ್ಟಿಗಿಂತಲೂ ಹೆಚ್ಚು. ಭಾಗಿಸಿ ನೋಡಿದರೆ ಚದರ ಕಿಲೋಮೀಟರಿಗೆ 389 ಜನ ಸಿಗುತ್ತಾರೆ. ಹೊಲ, ತೋಟ, ಹಿನ್ನೀರುಗಳನ್ನೆಲ್ಲ ಸೇರಿಸಿಕೊಂಡ ಇಡೀ ಕೇರಳದ ಸಾಂದ್ರತೆಯ ಅರ್ಧಕ್ಕೂ ಇದು ಕಡಿಮೆ. ಜಗತ್ತಿನ ಅತಿ ದೊಡ್ಡ ನಗರವೆಂದು ಕರೆಯುವ ಮೊದಲು ಈ ಒಂದು ಭಾಗಾಕಾರವನ್ನಾದರೂ ಮಾಡಬೇಕಿತ್ತು.

ಚೀನಾ ಏಕಾತ್ಮಕ ಆಡಳಿತದ ರಾಷ್ಟ್ರ. ಅಲ್ಲಿ ಅಧಿಕಾರ ಕೇಂದ್ರದಿಂದ ಪ್ರಾಂತ್ಯಕ್ಕೆ, ಪ್ರಾಂತ್ಯದಿಂದ ಪ್ರಿಫೆಕ್ಚರ್‌ಗೆ, ಅಲ್ಲಿಂದ ಕೌಂಟಿ ಅಥವಾ ನಗರ ಜಿಲ್ಲೆಗೆ ಇಳಿಯುತ್ತದೆ. ಸಾಮಾನ್ಯ ದೊಡ್ಡ ನಗರಗಳು ಎರಡನೆಯ ಮೆಟ್ಟಿಲಿನಲ್ಲಿ, ಯಾವುದಾದರೊಂದು ಪ್ರಾಂತ್ಯದ ಕೆಳಗೆ ಇರುತ್ತವೆ. ಇವು ಪ್ರಿಫೆಕ್ಚರ್ ಮಟ್ಟದ ನಗರಗಳು. ಸಿಚುವಾನ್ ಪ್ರಾಂತ್ಯದ ರಾಜಧಾನಿ ಚೆಂಗ್ಡು ಅಂಥದೊಂದು. ಬೀಜಿಂಗ್, ತ್ಯಾನ್‌ಜಿನ್, ಶಾಂಘೈ ಮತ್ತು ಚೊಂಗ್‌ಚಿಂಗ್ ಎಂಬ ನಾಲ್ಕು ನಗರಗಳು ಮಾತ್ರ ನೇರವಾಗಿ ಕೇಂದ್ರ ಸರ್ಕಾರದ ಅಧೀನದಲ್ಲಿದ್ದು, ಪ್ರಾಂತ್ಯಗಳಿಗೆ ಸಮಾನವಾದ ಸ್ಥಾನವನ್ನು ಪಡೆದಿವೆ.

ಈ ವ್ಯತ್ಯಾಸ ಅಲ್ಲಿನ ಆಡಳಿತ ಸಂಕೇತಗಳಲ್ಲಿ ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದರೆ, ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿಕೈ ಇರುವುದು ಅಲ್ಲಿಯೇ. ಪ್ರತಿ ಘಟಕಕ್ಕೂ ಆರು ಅಂಕಿಗಳ ಸಂಖ್ಯೆಯಿದೆ: ಮೊದಲ ಎರಡು ಪ್ರಾಂತ್ಯಕ್ಕೆ, ನಡುವಿನ ಎರಡು ಪ್ರಿಫೆಕ್ಚರ್‌ಗೆ, ಕೊನೆಯ ಎರಡು ಕೌಂಟಿ ಅಥವಾ ನಗರ ಜಿಲ್ಲೆಗೆ. ಸಿಚುವಾನ್ 510000, ಅದರೊಳಗಿನ ಚೆಂಗ್ಡು 510100, ಚೆಂಗ್ಡುವಿನೊಳಗಿನ ಜಿನ್‌ಜಿಯಾಂಗ್ ಜಿಲ್ಲೆ 510104. ಇಲ್ಲಿ ಪ್ರತಿ ಸಂಖ್ಯೆಯ ಹಿಂದೆಯೂ ಕಚೇರಿ, ಅಧಿಕಾರಿ, ಆಯವ್ಯಯಗಳುಳ್ಳ ನಿಜವಾದ ಸರ್ಕಾರವೊಂದು ಇದೆ. ಚೊಂಗ್‌ಚಿಂಗ್‌ನ ಸಂಖ್ಯೆ 500000. ಹಳೆಯ ನಗರದ ಹೃದಯಭಾಗವಾದ ಯೂಝೊಂಗ್ ಜಿಲ್ಲೆಯದು 500103. ಇವೆರಡರ ನಡುವೆ ಪ್ರಿಫೆಕ್ಚರ್ ಎಂಬುದೇ ಇಲ್ಲ. ಆದರೂ ಆರು ಅಂಕಿಗಳ ಚೌಕಟ್ಟು ತುಂಬಲೇಬೇಕಾದ್ದರಿಂದ 500100 ಎಂಬ ಸಾಲಿಗೆ ‘ನಗರ ಜಿಲ್ಲೆಗಳು’ ಎಂದೂ, 500200 ಎಂಬ ಸಾಲಿಗೆ ‘ಕೌಂಟಿಗಳು’ ಎಂದೂ ಬರೆದಿದ್ದಾರೆ. ಇವು ಸ್ಥಳಗಳಲ್ಲ, ಸರ್ಕಾರಗಳೂ ಅಲ್ಲ. ಪಟ್ಟಿಯ ಅಚ್ಚುಕಟ್ಟಿಗಾಗಿ ಇಟ್ಟ ಶೀರ್ಷಿಕೆಗಳು. ಇದನ್ನರಿಯದೆ ನಡುವಿನ ಎರಡು ಅಂಕಿಗಳ ಆಧಾರದ ಮೇಲೆ ಕಂಪ್ಯೂಟರಿನಲ್ಲಿ ನಗರಗಳನ್ನು ವಿಂಗಡಿಸಿದರೆ, ‘ನಗರ ಜಿಲ್ಲೆಗಳು’ ಎಂಬ ಹೆಸರಿನ ಊರೊಂದು ಫಲಿತಾಂಶದಲ್ಲಿ ಹುಟ್ಟಿಕೊಳ್ಳುತ್ತದೆ. ಅಂಥ ಸಾಲು ಕಂಡರೆ ಲೆಕ್ಕದಲ್ಲಿ ಮಟ್ಟಗಳು ಬೆರೆತಿವೆ ಎಂದು ಆ ಕ್ಷಣವೇ ತಿಳಿಯಬೇಕು.

ಚೊಂಗ್‌ಚಿಂಗ್‌ಗೆ ಇಷ್ಟು ವಿಶಾಲವಾದ ಮೈ ಬಂದದ್ದಕ್ಕೆ ಇತಿಹಾಸದ ಕಾರಣವಿದೆ. 1954ರಿಂದ ಅದು ಸಿಚುವಾನ್ ಪ್ರಾಂತ್ಯದೊಳಗಿನ ನಗರವಾಗಿತ್ತು. ಯಾಂಗ್ಸಿ ನದಿಯ ಮೂರು ಕಣಿವೆಗಳ ಅಣೆಕಟ್ಟಿನ ಹಿನ್ನೀರಿನಿಂದಾಗಿ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಬೇಕಾಗಿ ಬಂದಾಗ, ಅವರಲ್ಲಿ ಬಹುಪಾಲು ಜನರಿದ್ದ ಪ್ರದೇಶವನ್ನು ಒಂದೇ ಆಡಳಿತದಡಿ ತರುವುದು ಅಗತ್ಯವಾಯಿತು. 1997ರ ಮಾರ್ಚ್ 14ರಂದು ಚೀನಾದ ರಾಷ್ಟ್ರೀಯ ಜನಪ್ರತಿನಿಧಿ ಸಭೆ ಒಪ್ಪಿಗೆ ನೀಡಿತು. ಹಳೆಯ ಚೊಂಗ್‌ಚಿಂಗ್‌ನ ಜೊತೆಗೆ ವಾನ್‌ಶಿಯನ್, ಫೂಲಿಂಗ್ ಮತ್ತು ಚಿಯನ್‌ಜಿಯಾಂಗ್ ಪ್ರದೇಶಗಳನ್ನು ಸೇರಿಸಿ ಸಿಚುವಾನ್‌ನಿಂದ ಬೇರ್ಪಡಿಸಲಾಯಿತು. ಸಿಚುವಾನ್ ಸುಮಾರು ಮೂರು ಕೋಟಿ ಜನರನ್ನು ಕಡತಗಳಲ್ಲಿ ಕಳೆದುಕೊಂಡಿತು. ಯಾರೂ ಮನೆ ಬಿಟ್ಟು ಹೋಗಿರಲಿಲ್ಲ. ಆದ್ದರಿಂದ ಸಿಚುವಾನ್‌ನ 1990ರ ಅಂಕಿಯ ಪಕ್ಕದಲ್ಲಿ 2000ದ ಅಂಕಿಯನ್ನಿಟ್ಟು ಹೋಲಿಸುವ ಮೊದಲು, ಹಳೆಯದರಲ್ಲಿ ಚೊಂಗ್‌ಚಿಂಗ್ ಸೇರಿದೆಯೇ ಎಂದು ಪಟ್ಟಿಯ ಅಡಿಟಿಪ್ಪಣಿಯನ್ನು ನೋಡಲೇಬೇಕು.

ಹಾಗಾದರೆ ಚೊಂಗ್‌ಚಿಂಗ್ ಮತ್ತು ಚೆಂಗ್ಡುವನ್ನು ಹೋಲಿಸುವುದು ಹೇಗೆ? ಪೂರ್ಣ ಆಡಳಿತ ಎಲ್ಲೆಯನ್ನು ಹಿಡಿದರೆ 2020ರಲ್ಲಿ ಒಂದರಲ್ಲಿ 3.2 ಕೋಟಿ, ಇನ್ನೊಂದರಲ್ಲಿ 2.09 ಕೋಟಿ ಜನ, ವ್ಯತ್ಯಾಸ 1.1 ಕೋಟಿ. ಆದರೆ ಚೆಂಗ್ಡುವಿನ ವಿಸ್ತೀರ್ಣ ಸುಮಾರು 14,300 ಚದರ ಕಿಲೋಮೀಟರ್ ಮಾತ್ರ, ಚೊಂಗ್‌ಚಿಂಗ್‌ನ ಆರನೆಯ ಒಂದು ಭಾಗಕ್ಕೆ ತುಸು ಹೆಚ್ಚು. ಅದೇ ಜನಗಣತಿಯಿಂದ, ಒತ್ತಾಗಿ ಕಟ್ಟಡಗಳಿಂದ ತುಂಬಿದ ನಗರ ಪ್ರದೇಶದಲ್ಲಿ ವಾಸಿಸುವವರನ್ನಷ್ಟೇ ಬೇರ್ಪಡಿಸಿದ ಪಟ್ಟಿಯೂ ಇದೆ. ಅದರಲ್ಲಿ ಶಾಂಘೈ 1.99 ಕೋಟಿಯೊಂದಿಗೆ ಮೊದಲನೆಯದು, ಚೊಂಗ್‌ಚಿಂಗ್ 1.63 ಕೋಟಿಯೊಂದಿಗೆ ಬೀಜಿಂಗ್ ಮತ್ತು ಶೆನ್‌ಝೆನ್‌ಗಳಿಗಿಂತಲೂ ಕೆಳಗೆ ನಾಲ್ಕನೆಯದು; ಚೆಂಗ್ಡು 1.33 ಕೋಟಿ. 1.1 ಕೋಟಿಯ ಅಂತರ 30 ಲಕ್ಷಕ್ಕೆ ಇಳಿಯಿತು. ಈ 1.63 ಕೋಟಿಯೂ ಒಂದೇ ಊರಿನದಲ್ಲ; ಚೊಂಗ್‌ಚಿಂಗ್‌ನ ಕೇಂದ್ರದಲ್ಲಿ ಆಗ ಇದ್ದ ಒಂಬತ್ತು ಜಿಲ್ಲೆಗಳಲ್ಲಿ, ಅವುಗಳ ಹಳ್ಳಿಗಳನ್ನೂ ಸೇರಿಸಿ, ಇದ್ದವರು 1.03 ಕೋಟಿ. ಉಳಿದವರು ಇನ್ನೂರು ಕಿಲೋಮೀಟರಿಗೂ ದೂರದ ವಾನ್‌ಝೌನಂಥ ಬೇರೆಯೇ ಪಟ್ಟಣಗಳ ನಿವಾಸಿಗಳು.

ವಾರ್ಷಿಕ ನಗರ ಅಂಕಿಅಂಶ ಸಂಪುಟಗಳನ್ನು ತೆರೆದರೆ ಹೆಚ್ಚಿನ ವಿಷಯಗಳಿಗೆ ‘ಇಡೀ ನಗರ’ ಮತ್ತು ‘ನಗರ ಜಿಲ್ಲೆಗಳು’ ಎಂಬ ಎರಡು ಕಾಲಂಗಳು ಕಾಣುತ್ತವೆ. ಎರಡನೆಯದು ನಿಜವಾದ ನಗರಕ್ಕೆ ಹತ್ತಿರವೆಂದು ಬಹಳ ಮಂದಿ ನಂಬಿದ್ದಾರೆ. ಸಾಮಾನ್ಯ ಪ್ರಿಫೆಕ್ಚರ್ ನಗರದಲ್ಲಿ ಈ ನಂಬಿಕೆ ಬಹುಮಟ್ಟಿಗೆ ನಡೆಯುತ್ತದೆ: ಚೆಂಗ್ಡುವಿನಲ್ಲಿ ದುಜಿಯಾಂಗ್‌ಯಾನ್, ಪೆಂಗ್‌ಝೌ ಮುಂತಾದ ಕೌಂಟಿ ಮಟ್ಟದ ಪಟ್ಟಣಗಳು ಆ ಕಾಲಂನಿಂದ ಹೊರಗುಳಿಯುತ್ತವೆ. ನೇರ ಕೇಂದ್ರಾಡಳಿತದ ನಗರಗಳಲ್ಲಿ ಅದು ಕೈಕೊಡುತ್ತದೆ. 2016ರಲ್ಲಿ ಚೊಂಗ್‌ಚಿಂಗ್‌ನ ಈಶಾನ್ಯದ ಬೆಟ್ಟಗಾಡಿನ ಕಾಯ್ ಕೌಂಟಿಗೆ ನಗರ ಜಿಲ್ಲೆಯ ಸ್ಥಾನ ಸಿಕ್ಕಿ ಅದು ಕಾಯ್‌ಝೌ ಜಿಲ್ಲೆಯಾಯಿತು. ಸಂಕೇತ 500234 ಹೋಗಿ 500154 ಬಂದಿತು, ಮತ್ತು ಸುಮಾರು ಹನ್ನೆರಡು ಲಕ್ಷ ಜನ ಒಂದು ಕಾಲಂನಿಂದ ಇನ್ನೊಂದಕ್ಕೆ ದಾಟಿದರು. ನಗರ ಜಿಲ್ಲೆಗಳ ಜನಸಂಖ್ಯೆಯ ನಕ್ಷೆಯಲ್ಲಿ ಆ ವರ್ಷ ಕಾಣುವ ಏರಿಕೆಯಲ್ಲಿ ಇಷ್ಟು ಭಾಗ ಬರಿಯ ಆದೇಶದಿಂದ ಬಂದದ್ದು; ಅದನ್ನು ವಲಸೆಯೆಂದೋ ನಗರೀಕರಣದ ವೇಗವೆಂದೋ ವಿವರಿಸುವುದು ದೊಡ್ಡ ತಪ್ಪಾಗುತ್ತದೆ. ಅದೇ ವರ್ಷ ಶಾಂಘೈನ ಚೊಂಗ್‌ಮಿಂಗ್ ಎಂಬ ಕೃಷಿಪ್ರಧಾನ ದ್ವೀಪ ಕೂಡ ಜಿಲ್ಲೆಯಾಯಿತು. ಅಲ್ಲಿಂದೀಚೆಗೆ ಶಾಂಘೈನಲ್ಲಿ ಕೌಂಟಿಯೇ ಉಳಿದಿಲ್ಲ; ಎರಡೂ ಕಾಲಂಗಳ ವ್ಯಾಪ್ತಿ ಒಂದೇ ಆಗಿದೆ. ಬೀಜಿಂಗ್ ಮತ್ತು ತ್ಯಾನ್‌ಜಿನ್‌ಗಳೂ ಹಾಗೆಯೇ.

ಪ್ರಿಫೆಕ್ಚರ್ ನಗರಗಳಲ್ಲೂ ಎಲ್ಲೆ ಸರಿಯುವುದುಂಟು. 2016ರಲ್ಲಿಯೇ ಜಿಯಾನ್‌ಯಾಂಗ್ ಎಂಬ ಪಟ್ಟಣವನ್ನು ಪಕ್ಕದ ಝಿಯಾಂಗ್‌ನಿಂದ ತೆಗೆದು ಚೆಂಗ್ಡುವಿನ ಆಡಳಿತಕ್ಕೆ ಒಪ್ಪಿಸಲಾಯಿತು. ಚೆಂಗ್ಡುವಿನ ವಿಸ್ತೀರ್ಣ ಸುಮಾರು 12,100ರಿಂದ 14,300 ಚದರ ಕಿಲೋಮೀಟರಿಗೆ ಬೆಳೆಯಿತು. ಆದರೆ ಅಲ್ಲಿ ಒಂದು ತಾಳೆ ನೋಡುವ ದಾರಿಯಿದೆ: ಚೆಂಗ್ಡು ಗಳಿಸಿದ್ದನ್ನು ಝಿಯಾಂಗ್ ಕಳೆದುಕೊಂಡಿರಬೇಕು, ಮತ್ತು ಸಿಚುವಾನ್‌ನ 21 ಪ್ರಿಫೆಕ್ಚರ್ ಘಟಕಗಳನ್ನು ಕೂಡಿದರೆ ಪ್ರಾಂತ್ಯದ ಮೊತ್ತ ಬದಲಾಗದೆ ಬರಬೇಕು. ಚೊಂಗ್‌ಚಿಂಗ್‌ನಲ್ಲಿ ಆ ನಡುವಿನ ಮಟ್ಟವೇ ಇಲ್ಲದ ಕಾರಣ ನೇರವಾಗಿ ಜಿಲ್ಲೆ ಮತ್ತು ಕೌಂಟಿಗಳಿಗೇ ಇಳಿದು, ವರ್ಷವರ್ಷದ ಸಂಕೇತಗಳನ್ನು ಒಂದಕ್ಕೊಂದು ಹೊಂದಿಸಿಕೊಂಡು, ಇಂದಿನ ಎಲ್ಲೆಗಳನ್ನೇ ಹಿಂದಿನ ವರ್ಷಗಳಿಗೂ ಅನ್ವಯಿಸಿ ಸರಣಿಯನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಗುತ್ತದೆ.